ಎಮ್ಮೆಯ ಮೇಲೆ ಕೂತ ಗುರುತು

ನನ್ನ ಜೀವಮಾನದಲ್ಲಿ ನಾನು ಅಳೆದ ದೊಡ್ಡ ವಸ್ತು ಒಂದೇ, ನಮ್ಮೂರ ಕೆರೆ. ಅದನ್ನು ಕೆರೆ ಎಂದು ಬರೆಯಲು ನನಗೆ ಹಕ್ಕಿದೆ. ಈ ಹಕ್ಕು ಪುಕ್ಕಟೆ ಬಂದದ್ದಲ್ಲ, ಅದಕ್ಕೆ ಎರಡು ಮೀಸೆ ಹೋಗಿವೆ.

ನಿಜಾಮರ ಆಡಳಿತದ ಕಾಲ. ನಮ್ಮೂರು ಆಳಂದದಿಂದ ಬಂಡಿಯಲ್ಲಿ ಅರ್ಧ ದಿನದ ದಾರಿ. ನಾನು ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಹೀಗಾಗಿ ಹಸಿವು, ಸಿಟ್ಟು ಕನ್ನಡದಲ್ಲಿ ಬರುತ್ತಿದ್ದವು, ಲೆಕ್ಕ ಮಾತ್ರ ಉರ್ದುವಿನಲ್ಲಿ. ಆ ವರ್ಷ ದಸರೆಯ ರಜೆಗೆ ಊರಿಗೆ ಬಂದಾಗ ನಾನು ಹನ್ನೆರಡು ವರ್ಷದ ಹುಡುಗಿ, ತಲೆಯಲ್ಲಿ ಮಾಸ್ತರರು ಹೊಸದಾಗಿ ತುಂಬಿದ್ದ ತ್ರಿಕೋನಗಳು. ಯಾರಾದರೂ ಏನಾದರೂ ಅಳೆಯಲು ಹೇಳಲಿ ಎಂದು ನನ್ನ ಕೈ ತುರಿಸುತ್ತಿತ್ತು.

ಅದೇ ಹಬ್ಬಕ್ಕೆ ಅವ್ವನ ಅಪ್ಪನೂ ಬಂದಿದ್ದ. ಅವನದು ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯ ಊರು. ಅದಕ್ಕೇ ನಾವು ಮಕ್ಕಳು ಅವನನ್ನು ಹೊಳೆಮುತ್ಯಾ ಎನ್ನುತ್ತಿದ್ದೆವು. ಅಪ್ಪನ ಅಪ್ಪ ಬರೀ ಮುತ್ಯಾ. ಇಬ್ಬರು ಬೀಗರಿಗೂ ದೊಡ್ಡ ಮೀಸೆ, ಇಬ್ಬರಿಗೂ ದೊಡ್ಡ ಬಾಯಿ. ನಮ್ಮ ಮನೆಯಲ್ಲಿ ಬೆಣ್ಣೆ ತೆಗೆದ ದಿನ ಮೊದಲ ಬೆರಳಿನಷ್ಟು ದೇವರಿಗೂ ಇಲ್ಲ, ಮುತ್ಯಾನ ಮೀಸೆಗೆ. ಮುತ್ಯಾನ ಹೆಂಡತಿ, ನಮ್ಮ ಆಯಿ, ಇದನ್ನು ನಲವತ್ತು ವರ್ಷದಿಂದ ಬೈಯುತ್ತಲೇ ಬಂದಿದ್ದಳು, ಬೆಣ್ಣೆ ಕೊಡುತ್ತಲೂ ಬಂದಿದ್ದಳು.

ಹಬ್ಬದ ಮರುದಿನ ಬೆಳಿಗ್ಗೆ ಇಬ್ಬರೂ ನೀರಿನ ದಂಡೆಗೆ ಹೋಗಿ ಹಲ್ಲುಜ್ಜುತ್ತಿದ್ದರು. ನಾನು ಹಿಂದೆ ತಂಬಿಗೆ ಹಿಡಿದು ನಿಂತಿದ್ದೆ. ಆಗ ಹೊಳೆಮುತ್ಯಾ ಬೇವಿನ ಕಡ್ಡಿ ಉಗುಳಿ ಹೇಳಿದ:

“ಬೀಗರ, ನಿಮ್ಮ ಹೊಂಡ ಈ ವರ್ಷ ಚೊಲೋ ತುಂಬ್ಯಾದ ನೋಡ್ರಿ.”

ಮುತ್ಯಾನ ಕಡ್ಡಿ ಬಾಯಲ್ಲೇ ನಿಂತಿತು. “ಹೊಂಡ ಅಲ್ರಿ ಅದು. ಕೆರಿ.”

“ಕೆರಿ? ಇದು?” ಹೊಳೆಮುತ್ಯಾ ಸುತ್ತಲೂ ನೋಡಿದ, ಬೇರೆ ಎಲ್ಲಿಯಾದರೂ ಕೆರೆ ಇರಬಹುದೇನೋ ಎನ್ನುವವನಂತೆ. “ನಮ್ಮ ಹೊಳಿ ದಂಡ್ಯಾಗ ಎಮ್ಮಿ ಒಮ್ಮಿ ಉಚ್ಚಿ ಹೊಯ್ದ್ರ ಇಷ್ಟ ನೀರ ನಿಲ್ತದ್ರಿ.”

ಒಂದು ಊರಿನ ನೀರನ್ನು ಹೀಗೆ ಅನ್ನಬಾರದು. ಮಾತು ಬೆಳೆಯಿತು. ದನಕ್ಕೆ ನೀರು ಕುಡಿಸಲು ಬಂದವರೂ ನಿಂತರು. ಕೊನೆಗೆ ಪಟವಾರಿಯನ್ನು ಮನೆಯಿಂದ ಎಬ್ಬಿಸಿ ತಂದರು, ಊರಿನ ಹೊಲಗದ್ದೆಯ ಕಾಗದವೆಲ್ಲ ಅವನ ಹತ್ತಿರ ತಾನೇ? ಪಟವಾರಿ ಕಣ್ಣುಜ್ಜಿಕೊಂಡು ಹೇಳಿದ, “ಈ ನೀರು, ಆ ಜಾಲಿ, ಆಚಿ ದನಾ ಮೇಯೋ ಗಾಯರಾಣ ಎಲ್ಲಾ ಕೂಡಿ ಒಂದೇ ನಂಬರಿನ್ಯಾಗ ಖರಾಬ ಅಂತ ಬರದಾರ್ರಿ. ಬರೇ ನೀರು ಎಷ್ಟಂತ ಯಾರೂ ಅಳದಿಲ್ಲ. ಬೆಳಿ ಇಲ್ಲದ್ದು ಯಾಕ ಅಳೀಬೇಕು?”

“ಎಷ್ಟಿದ್ರ ಕೆರಿ ಅಂತಾರ? ಅಷ್ಟ ಹೇಳ್ರಿ,” ಎಂದ ಮುತ್ಯಾ.

ಪಟವಾರಿಗೆ ಚಹಾ ಆಗಿರಲಿಲ್ಲ. ಮನೆಗೆ ಹೋಗುವ ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿದ, “ಎರಡು ಎಕರೆ ಇದ್ರ ಕೆರಿ. ಒಂದ ಗುಂಟೆ ಕಡಿಮಿ ಆದ್ರೂ ಹೊಂಡ.”

ಅಷ್ಟು ಸಾಕಾಯಿತು. ಮುತ್ಯಾ ಎಲ್ಲರ ಮುಂದೆ ಮೀಸೆಯ ಮೇಲೆ ಕೈಯಿಟ್ಟ. “ಎರಡು ಎಕರೆ ಆಗಲಿಲ್ಲಂದ್ರ ಇದನ್ನ ಇಲ್ಲೇ ಬೋಳಿಸ್ಕೋತೀನಿ.” ಹೊಳೆಮುತ್ಯಾನೂ ತನ್ನದರ ಮೇಲೆ ಕೈಯಿಟ್ಟ. “ಆದ್ರ ನಾ ಬೋಳಿಸ್ಕೋತೀನಿ.”

ಇಬ್ಬರೂ ಕೈಯಿಟ್ಟ ಮೇಲೆ ಎಲ್ಲರಿಗೂ ಒಂದು ವಿಷಯ ಹೊಳೆಯಿತು. ಅಳೆಯುವುದು ಹೇಗೆ? ನಮ್ಮ ನೀರು ಮೂರು ಮೂಲೆಯದು. ಹಿಂದೆ ಯಾವಾಗಲೋ ಊರ ಗಡಿಯ ಗೋಡೆಗೆ ಮಣ್ಣು ತೆಗೆದ ಗುಂಡಿ ಅದು. ಒಂದು ಬದಿ ಬಂಡಿದಾರಿಯ ಉದ್ದಕ್ಕೂ ನೂಲು ಹಿಡಿದಂತೆ ನೇರ. ಉಳಿದ ಎರಡು ಬದಿ ಜಾಲಿಮುಳ್ಳು, ಕೆಸರು, ಜೇಕಿನ ಹುಲ್ಲು. ಆ ಎರಡೂ ದೂರದಲ್ಲಿ ಒಂದು ಮೂಲೆಗೆ ಹೋಗಿ ಕೂಡುತ್ತಿದ್ದವು, ಹಳ್ಳದ ನೀರು ಒಳಗೆ ಬರುವಲ್ಲಿ. ನಡುವೆ ಎರಡಾಳು ಆಳ. ಅಳತೆಯ ಸರಪಳಿ ಹಿಡಿದು ನೀರಿನ ಮೇಲೆ ನಡೆಯುವವರು ನಮ್ಮೂರಲ್ಲಿ ಇರಲಿಲ್ಲ.

“ನಾ ಅಳೀತೀನಿ,” ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ತಂಬಿಗೆಯನ್ನು ಕಲ್ಲಿಗೆ ಬಡಿದು ಇನ್ನೊಮ್ಮೆ ಹೇಳಿದೆ, “ಮುತ್ಯಾ, ನಾ ಅಳೀತೀನಿ. ನೀರಿನ್ಯಾಗ ಇಳಿಯೂದು ಬ್ಯಾಡ. ಮುಸಲ್ಲಸ್ ಇದ್ರ ಸಾಕು.”

ಮುಸಲ್ಲಸ್ ಎಂದರೆ ಉರ್ದುವಿನಲ್ಲಿ ತ್ರಿಕೋನ. ಇದು ನನಗೆ ಮತ್ತು ಪಟವಾರಿಗೆ ಮಾತ್ರ ಗೊತ್ತು. ಸುದ್ದಿ ಕೇಳಿ ಅಷ್ಟರಲ್ಲಿ ಬಂದಿದ್ದ ಆಯಿಯ ತವರು ಅಕ್ಕಲಕೋಟೆಯ ಕಡೆ, ಅವಳ ಕಿವಿ ಮರಾಠಿಯದು. ಮರಾಠಿಯಲ್ಲಿ ಮುಸಳ ಎಂದರೆ ಒನಕೆ. ಆಯಿ ಏನೂ ಕೇಳದೆ ಮನೆಗೆ ಹೋಗಿ, ಕಬ್ಬಿಣದ ಬಳೆ ಹಾಕಿದ ನಮ್ಮ ಉದ್ದನೆಯ ಒನಕೆಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಕಾಲ ಬಳಿ ಇಳಿಸಿದಳು. “ತಗೋ. ಕುಟ್ಟಿ ಆದ ಮ್ಯಾಲ ತೊಳದು ಕೊಡು.”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ನೆಡಲು ಒಂದು ನೇರವಾದ ಕೋಲು ಬೇಕೇ ಬೇಕಿತ್ತು, ಒನಕೆಗಿಂತ ನೇರವಾದದ್ದು ನಮ್ಮೂರಲ್ಲಿ ಮನುಷ್ಯರೂ ಇರಲಿಲ್ಲ. ಇಟ್ಟುಕೊಂಡೆ.

ದಾರಿಯ ಧೂಳಿನಲ್ಲಿ ಬೆರಳಿಂದ ಬರೆದು ತೋರಿಸಿದೆ. ನೀರಿನಾಚೆಯ ಮೂಲೆಯಲ್ಲಿ ಒಂದು ಗುರುತು. ಅದಕ್ಕೆ ಸರಿಯಾಗಿ ಎದುರು, ಈಚೆ ದಾರಿಯಲ್ಲಿ ಒಂದು ಕಲ್ಲು. ಆ ಕಲ್ಲಿನಿಂದ ದಾರಿಗುಂಟ ನಾಲ್ಕು ಸರಪಳಿ ನಡೆದು ಒನಕೆ ನೆಡಬೇಕು. ಇನ್ನೂ ಒಂದು ಸರಪಳಿ ಮುಂದೆ ಹೋಗಿ ನಿಲ್ಲಬೇಕು. ಅಲ್ಲಿಂದ ಮುಖ ನೀರಿನ ಕಡೆಗಿಟ್ಟು, ನೀರಿನಿಂದ ದೂರಕ್ಕೆ ನೆಟ್ಟಗೆ ಹಿಂದಕ್ಕೆ ನಡೆಯಬೇಕು. ನಡೆಯುತ್ತಾ ಹೋದಂತೆ ಒಂದು ಜಾಗದಲ್ಲಿ ಒನಕೆ ಆಚೆಯ ಗುರುತನ್ನು ಮುಚ್ಚುತ್ತದೆ. ಅಲ್ಲಿ ನಿಲ್ಲಬೇಕು. ಒನಕೆಯ ಆಚೆ ನೀರಿನ ಮೇಲೆ ಒಂದು ದೊಡ್ಡ ತ್ರಿಕೋನ, ಈಚೆ ನೆಲದ ಮೇಲೆ ಒಂದು ಸಣ್ಣದು. ಎರಡರದೂ ಒಂದೇ ಆಕಾರ. ದೊಡ್ಡದರ ಒಂದು ಬದಿ ನಾಲ್ಕು ಸರಪಳಿ, ಸಣ್ಣದರ ಅದೇ ಬದಿ ಒಂದು. ಹಾಗಾದರೆ ಹಿಂದಕ್ಕೆ ನಡೆದದ್ದರ ನಾಲ್ಕು ಪಟ್ಟು ನೀರಿನ ಅಗಲ.

ಮುತ್ಯಾ ಬಗ್ಗಿ ನೋಡಿದ. “ಅಂದ್ರ ಇದು ಅಪ್ಪ, ಇದು ಮಗ. ಮುಖ ಒಂದೇ, ಮೈ ಸಣ್ಣದು.”

“ಹೌದು ಮುತ್ಯಾ.”

“ಮಗನ್ನ ಅಳದ್ರ ಅಪ್ಪ ತಿಳೀತಾನ.”

ನಮ್ಮ ಮಾಸ್ತರರು ಮೂರು ದಿನ ಹೇಳಿದ್ದನ್ನು ಮುತ್ಯಾ ಎರಡು ಮಾತಿನಲ್ಲಿ ಮುಗಿಸಿದ. ಪಟವಾರಿ ಕೂಡ ಹುಬ್ಬೇರಿಸಿ, ತನ್ನ ಮೂವತ್ತಮೂರು ಫೂಟಿನ ಸರಪಳಿ ತರಲು ಒಪ್ಪಿದ. ಆ ಸರಪಳಿಯಲ್ಲಿ ಒಂದು ಅನುಕೂಲ ಇತ್ತು. ಅದು ಉದ್ದಕ್ಕೊಂದು, ಅಗಲಕ್ಕೊಂದು ಹಾಕಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ.

ಆಚೆಯ ಮೂಲೆಯಲ್ಲಿ ಗುರುತು ಏನಿಡುವುದು? ಅಲ್ಲಿ ಗಿಡವಿಲ್ಲ. ಕೋಲು ನೆಡೋಣ ಎಂದರೆ ಹೊಳೆಮುತ್ಯಾ ತಲೆಯಾಡಿಸಿದ. “ಕೋಲು ನೀವು ಹಿಂದಕ ಸರಸ್ತೀರಿ. ನಾನೇ ನಿಲ್ತೀನಿ. ನನ್ನ ತಲಿ ಮ್ಯಾಲಿನ ಕೆಂಪು ರುಮಾಲು ಎಲ್ಲಿಂದ ನೋಡಿದ್ರೂ ಕಾಣಿಸ್ತದ.”

ಸುತ್ತು ಹಾಕಿ ಹೋಗಿ ನಿಂತ. ಜೇಕಿನ ಹುಲ್ಲು ಅವನಿಗಿಂತ ಎತ್ತರ ಇದ್ದುದರಿಂದ ರುಮಾಲಿನ ತುದಿಯೂ ಕಾಣಲಿಲ್ಲ. ಅಲ್ಲೇ ನಮ್ಮ ಮನೆಯ ಎಮ್ಮೆ ಮೇಯುತ್ತಿತ್ತು. ಹೊಳೆ ದಂಡೆಯಲ್ಲಿ ಬೆಳೆದವನು, ಎಮ್ಮೆ ಹತ್ತುವುದು ಅವನಿಗೆ ಕಟ್ಟೆ ಹತ್ತಿದ ಹಾಗೆ. ಹತ್ತಿ ಕೂತ. ಕೆಂಪು ರುಮಾಲು ಚೆನ್ನಾಗಿ ಕಂಡಿತು. ನಾನು ಈಚೆಯಿಂದ ಎರಡೂ ಕೈ ಬಾಯಿಗಿಟ್ಟು ಕೂಗಿದೆ, “ಹೊಳೆಮುತ್ಯಾ, ಗುರ್ತ ಸರೀಬಾರದು! ಮಾತಾಡಬಾರದು!” ಅವನು ಕೈಯೆತ್ತಿ ಒಪ್ಪಿಗೆ ಕೊಟ್ಟ.

ಗೋಡೆ ಕಟ್ಟುವ ಗೌಂಡಿಯ ಮನೆಯಿಂದ ಗುಣ್ಯಾ ತರಿಸಿದ್ದೆ, ಎರಡು ಪಟ್ಟಿ ಚೌಕ ಮೂಲೆಗೆ ಸೇರಿಸಿರುತ್ತಾರಲ್ಲ, ಅದು. ಒಂದು ಪಟ್ಟಿ ದಾರಿಯ ನೇರಕ್ಕೆ ಇಟ್ಟು, ಇನ್ನೊಂದು ಪಟ್ಟಿ ಕೆಂಪು ರುಮಾಲಿಗೆ ನೆಟ್ಟಗೆ ಆಗುವ ಜಾಗ ಹುಡುಕಿ ಕಲ್ಲಿಟ್ಟೆ. ಪಟವಾರಿ ದಾರಿಯ ಬದಿಯ ಉದ್ದ ಹಾಕಿದ. ಹದಿನೈದು ಸರಪಳಿ. ಆಮೇಲೆ ಕಲ್ಲಿನಿಂದ ನಾಲ್ಕು ಹಾಕಿಸಿ ಒನಕೆ ನೆಟ್ಟೆವು, ಇನ್ನೂ ಒಂದು ಹಾಕಿಸಿದೆವು. ಇದಕ್ಕೆಲ್ಲ ಬಹಳ ಹೊತ್ತು ಹಿಡಿಯಿತು, ಏಕೆಂದರೆ ಸರಪಳಿಯ ಪ್ರತಿ ತುದಿಗೂ ಒಬ್ಬೊಬ್ಬ ಸಲಹೆಗಾರ ಇದ್ದ. ಬಿಸಿಲು ನೆತ್ತಿಗೆ ಬಂತು.

ಹಿಂದಕ್ಕೆ ನಡೆಯುವುದು ತನ್ನದೇ ಹಕ್ಕು ಎಂದ ಮುತ್ಯಾ. ಮೀಸೆ ಅವನದು, ನಾನು ಬೇಡ ಎನ್ನಲಿಲ್ಲ. ದಾರಿಯ ಈಚೆಗೆ ನಮ್ಮ ಕಣ, ಅಂಗೈಯಂತೆ ಸಮ. ಕಣದ ಆಚೆಗೆ ಯಾರದೋ ತಿಪ್ಪೆ. ಮುತ್ಯಾ ಒಂದು ಕಣ್ಣು ಮುಚ್ಚಿ, ಧೋತರದ ಚುಂಗು ಎತ್ತಿ ಹಿಡಿದು ಹಿಂದ ಹಿಂದಕ್ಕೆ ಹೆಜ್ಜೆ ಹಾಕಿದ. ನಾನು ಗುಣ್ಯಾದ ನೇರ ನೋಡಿ “ಎಡಕ್ಕ, ಬಲಕ್ಕ” ಎಂದು ಕೂಗುತ್ತಿದ್ದೆ. ಒಂದು ಹೆಜ್ಜೆಗೆ ಕೆರೆ ನಾಲ್ಕು ಹೆಜ್ಜೆ ಬೆಳೆಯುತ್ತದೆ ಎಂದು ತಿಳಿದ ಮೇಲೆ ಊರಿನವರೆಲ್ಲ “ಹಿಂದ ಸರಿ, ಹಿಂದ ಸರಿ” ಎಂದು ಹುರುಪು ತುಂಬುತ್ತಿದ್ದರು. ಮುತ್ಯಾ ನೋಡುತ್ತಿದ್ದದ್ದು ಒನಕೆ ಮತ್ತು ಕೆಂಪು ಚುಕ್ಕೆಯನ್ನು ಮಾತ್ರ, ಆ ಗದ್ದಲದಲ್ಲಿ ಉಳಿದವರೆಲ್ಲರ ಕಣ್ಣು ಮುತ್ಯಾನ ಹಿಮ್ಮಡಿಯ ಮೇಲೆ. ನೀರಿನ ಕಡೆ ಒಬ್ಬರೂ ನೋಡಲಿಲ್ಲ, ನಾನೂ ನೋಡಲಿಲ್ಲ.

“ಮುಚ್ಚ್ತು!” ಎಂದ ಮುತ್ಯಾ. ಪಟವಾರಿ ಅವನ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ, ಹೌದೆಂದ. ಸರಪಳಿ ಹಾಕಿದರು. ಸರಿಯಾಗಿ ಎರಡು.

ಎರಡರ ನಾಲ್ಕು ಪಟ್ಟು ಎಂಟು. ಹದಿನೈದೆಂಟಲೆ ನೂರಿಪ್ಪತ್ತು. ಗುಂಪಿನಲ್ಲಿ ಯಾರೋ ಒಬ್ಬ ಬೆರಳೆಣಿಸಿ ಕೂಗಿದ, “ನೂರಾ ಇಪ್ಪತ್ತು ಗುಂಟೆ! ಮೂರು ಎಕರೆ!” ಮುತ್ಯಾನನ್ನು ಎತ್ತಿಕೊಂಡೇಬಿಟ್ಟರು. ಮುತ್ಯಾ ಮೇಲಿಂದ ಮೀಸೆ ತಿರುವುತ್ತಿದ್ದ.

ನಾನು ಧೂಳಿನ ಚಿತ್ರದ ಕಡೆ ನೋಡಿದೆ. ಹದಿನೈದು ಉದ್ದ, ಎಂಟು ಅಗಲ ಅಂದರೆ ಅದು ನಾಲ್ಕು ಮೂಲೆಯ ಹೊಲ. ನಮ್ಮದು ಮೂರು ಮೂಲೆ. ಅರ್ಧ ಮಾಡಬೇಕು. ಅರವತ್ತು ಗುಂಟೆ, ಒಂದೂವರೆ ಎಕರೆ. ಹೊಂಡ.

ಇದು ಆ ಗದ್ದಲದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪಟವಾರಿ ಕೂಡ ಚಹಾದ ಯೋಚನೆಯಲ್ಲಿದ್ದ. ಸುಮ್ಮನಿದ್ದರೆ ಮೀಸೆ ಉಳಿಯುತ್ತದೆ. ಸುಮ್ಮನಿರಲು ಬಹಳ ಪ್ರಯತ್ನ ಮಾಡಿದೆ, ನಾಲಿಗೆ ಕಚ್ಚಿ ಹಿಡಿದೆ. ಆಗಲಿಲ್ಲ. ನನಗೆ ಇವತ್ತಿಗೂ ತಪ್ಪು ಲೆಕ್ಕ ನೋಡಿದರೆ ತಲೆಯಲ್ಲಿ ಹೇನು ಹರಿದಂತಾಗುತ್ತದೆ.

“ಮುತ್ಯಾ,” ಎಂದೆ, “ಅರ್ಧ ಮಾಡಬೇಕು.”

ಅವನನ್ನು ಕೆಳಗಿಳಿಸಿದರು. ಧೂಳಿನಲ್ಲಿ ನಾಲ್ಕು ಮೂಲೆಯ ಚೌಕಟ್ಟು ಬರೆದು, ಒಳಗೆ ನಮ್ಮ ನೀರು ಬರೆದು, ಎರಡೂ ಬದಿಗೆ ನೀರಿನಷ್ಟೇ ಜಾಗ ಉಳಿಯುವುದನ್ನು ತೋರಿಸಿದೆ. ಪಟವಾರಿ “ಅರೇ, ಹೌದಲ್ಲ” ಎಂದ. ಮುತ್ಯಾ ಗೆರೆಗಳ ಮೇಲೆ ಬೆರಳಾಡಿಸಿ ನೋಡಿದ.

“ಖರೆ ಏನು?”

“ಖರೆ ಮುತ್ಯಾ,” ಎಂದು ಅಳತೊಡಗಿದೆ.

“ಅಳತಿ ಮಾಡಾಕಿ ಅಳಬಾರದು,” ಎಂದು ನನ್ನ ತಲೆ ಮುಟ್ಟಿ, ಹಿಂದಕ್ಕೆ ತಿರುಗಿ ಹೇಳಿದ, “ಕ್ಷೌರದವನ್ನ ಕರೀರಿ.” ಅವನು ನನ್ನ ಮೇಲೆ ಒಂದು ಚೂರೂ ಸಿಟ್ಟಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಣದ ಕಲ್ಲಿನ ಮೇಲೆ ಕೂತ. ಕ್ಷೌರದವನು ಮೂರು ಸಲ “ಖರೇನಾ ತೆಗೀಲಿ ಏನ್ರಿ?” ಎಂದು ಕೇಳಿದ. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಎಡಗಡೆಯ ಮೀಸೆ ಕಣದ ಮಣ್ಣಿಗೆ ಬಿತ್ತು. ಬಲಗಡೆಗೆ ನೀರು ಹಚ್ಚುತ್ತಿದ್ದಾಗ ಹೊಳೆಮುತ್ಯಾ ಸುತ್ತು ಹಾಕಿ ಬಂದು ತಲುಪಿದ. ನಗುತ್ತಾ ಬಂದ. ಬರುತ್ತಾ ಧೋತರ ಹಿಂಡುತ್ತಿದ್ದ.

ನಾನು ಕಣ್ಣೊರೆಸಿಕೊಂಡು ಅವನನ್ನು ನೋಡಿದೆ. ಕಾಲಿನಿಂದ ನಡುವಿನವರೆಗೆ ತೊಪ್ಪೆ ತೋಯ್ದಿದ್ದ. ಕಚ್ಚೆಯಲ್ಲಿ ಪಾಚಿ.

“ಹೊಳೆಮುತ್ಯಾ, ದಂಡಿ ಮ್ಯಾಲ ಎಮ್ಮಿ ಹತ್ತಿ ಕುಂತಾಂವ ನಡ ತನಕ ಹ್ಯಾಂಗ ತೋಯ್ದಿ?”

ಹೊಳೆಮುತ್ಯಾ ಧೋತರ ಹಿಂಡುವುದನ್ನು ನಿಲ್ಲಿಸಿದ.

“ಎಮ್ಮಿಗಿ ಬಿಸಲ ಹತ್ತಿತ್ತು.”

“ನೀರಿಗಿ ಇಳೀತಾ?”

“ಇಳೀತು.”

“ಎಷ್ಟು?”

“ಕುತಗಿ ತನಕ.”

“ಗುರ್ತ ಸರೀಬಾರದು ಅಂದಿದ್ದೆ!” ಎಂದು ನಾನು ಕಿರುಚಿದೆ.

“ನಾ ಎಲ್ಲಿ ಸರದೀನಿ?” ಎಂದ ಹೊಳೆಮುತ್ಯಾ, ನಿಜವಾಗಿಯೂ ನೊಂದ ದನಿಯಲ್ಲಿ. “ನಾ ಕುಂತಲ್ಲೇ ಕುಂತಿದ್ದೆ. ಎಮ್ಮಿ ಸರೀತು.”

“ಕೂಗಬೇಕಿಲ್ಲ?”

“ಗುರ್ತ ಮಾತಾಡಬಾರದು ಅಂದಾಕಿ ಯಾರು?”

ಮುತ್ಯಾ ಕ್ಷೌರದವನ ಕೈ ಸರಿಸಿ ಎದ್ದು ನಿಂತ. ಮುಖದ ಒಂದು ಬದಿ ಹುಲಿ, ಇನ್ನೊಂದು ಬದಿ ಬಾಣಂತಿ. “ಮತ್ತೊಮ್ಮೆ ಅಳೀರಿ,” ಎಂದು ಗುಡುಗಿದ. ನಮ್ಮ ಮನೆಯ ಮೇವು ತಿಂದ ಎಮ್ಮೆ ಬೀಗರ ಪಕ್ಷ ಸೇರಿದ್ದಕ್ಕೆ ಅದಕ್ಕೂ ನಾಲ್ಕು ಬೈದ.

ಈ ಸಲ ಗುರುತಿಗೆ ಜೀವ ಇರಬಾರದೆಂದು ನಿರ್ಧಾರವಾಯಿತು. ಒಂದು ಬಂಡಿಯನ್ನು ಸುತ್ತು ಹಾಕಿಸಿ ಒಯ್ದು, ಹಳ್ಳ ಕೂಡುವ ಮೂಲೆಯಲ್ಲಿ ನೀರಿನಂಚಿಗೆ ನೊಗ ಕಟ್ಟುವ ಮೂಕಿ ಮೇಲೆ ಮಾಡಿ ನಿಲ್ಲಿಸಿ, ತುದಿಗೆ ಕೆಂಪು ರುಮಾಲನ್ನು ಪಟವಾರಿಯೇ ಕಟ್ಟಿ ಬಂದ. ನಾನು ಗುಣ್ಯಾ ಇಟ್ಟು ನೋಡಿದೆ. ಕಲ್ಲು ಅಲ್ಲೇ ಸರಿಯಿತ್ತು. ಎಮ್ಮೆ ನೆಟ್ಟಗೆ ನಮ್ಮ ಕಡೆಗೇ ಬಂದಿರಬೇಕು, ಅಷ್ಟರಮಟ್ಟಿಗೆ ಅದಕ್ಕೂ ರೇಖಾಗಣಿತ ಗೊತ್ತಿತ್ತು. ಒನಕೆಯನ್ನು ಯಾರೂ ಮುಟ್ಟಿರಲಿಲ್ಲ.

ಮುತ್ಯಾ ಮತ್ತೆ ಹಿಂದಕ್ಕೆ ನಡೆದ. ಎರಡು ಸರಪಳಿಯ ಹಳೆಯ ಗುರುತು ಬಂತು, ರುಮಾಲು ಇನ್ನೂ ಒನಕೆಯ ಪಕ್ಕಕ್ಕೇ ಕಾಣುತ್ತಿತ್ತು. ಕಣ ಮುಗಿಯಿತು. “ಮುತ್ಯಾ, ತಿಪ್ಪಿ!” ಎಂದು ಕೂಗಿದೆ. “ಇರಲಿ,” ಎಂದು ತಿಪ್ಪೆಯೊಳಗೆ ಕಾಲಿಟ್ಟ. ಮೀನಖಂಡ ಮುಳುಗಿತು, ಮೊಣಕಾಲು ಮುಳುಗಿತು. ಒಂದೊಂದು ಹೆಜ್ಜೆ ಕೀಳುವಾಗಲೂ ಬೇರೆ ಬೇರೆ ಸದ್ದು. ಅಷ್ಟು ಸಂತೋಷದಿಂದ ಸಗಣಿಯಲ್ಲಿ ಹಿಂದಕ್ಕೆ ನಡೆದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

“ಮುಚ್ಚ್ತು!”

ಪಟವಾರಿ ಅಂಗಿ ಎತ್ತಿ ಹಿಡಿದು, ಮೂಗು ಮುಚ್ಚಿ, ತಾನೂ ಇಳಿದು ನೋಡಿ ಒಪ್ಪಿದ. ಸರಪಳಿ ಹಾಕಿದರು. ಎರಡು ಮುಕ್ಕಾಲು. ನಾಲ್ಕು ಪಟ್ಟು ಹನ್ನೊಂದು. ಹದಿನೈದು ಹನ್ನೊಂದಲೆ ನೂರಾ ಅರವತ್ತೈದು. ಈ ಸಲ ಯಾರೂ ಕೂಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

“ಅರ್ಧ,” ಎಂದೆ. “ಎಂಬತ್ತೆರಡೂವರೆ ಗುಂಟೆ. ಎರಡು ಎಕರೆ, ಮ್ಯಾಲ ಎರಡೂವರೆ ಗುಂಟೆ. ದಂಡಿ ಒಂದು ಕಡಿ ಒಳಗದ, ಒಂದು ಕಡಿ ಹೊರಗದ. ಅಷ್ಟಕ್ಕಷ್ಟ ಸರಿ ಹೋಗ್ತದ.”

“ಕೆರಿ,” ಎಂದ ಪಟವಾರಿ, ತಿಪ್ಪೆಯೊಳಗಿಂದಲೇ.

ಹೊಳೆಮುತ್ಯಾ ಮಾತಿನ ಮನುಷ್ಯ. ಹೋಗಿ ಕಲ್ಲಿನ ಮೇಲೆ ಕೂತು ಮುಖ ಒಡ್ಡಿದ. ಅವನದು ಪೂರ್ತಿ ಹೋಯಿತು. ಆಮೇಲೆ ಎಲ್ಲರೂ ಮುತ್ಯಾನ ಕಡೆ ತಿರುಗಿದರು. ಗೆದ್ದವನಿಗೆ ಅರ್ಧ ಮೀಸೆ. ಹೋದ ಅರ್ಧ ಬೆಳೆದು ಜೊತೆಯಾಗುವವರೆಗೆ ಅರ್ಧ ಮುಖ ಹೊತ್ತು ಯಾರು ತಿರುಗುತ್ತಾರೆ? ಆಯಿಯೇ ತೀರ್ಪು ಕೊಟ್ಟಳು, “ಅದನ್ನೂ ತೆಗೀರಿ. ಬೆಣ್ಣಿಯರೆ ಉಳೀತದ.” ತೆಗೆದರು. ಇಬ್ಬರು ಬೀಗರೂ ಸಿಪ್ಪೆ ಸುಲಿದ ಗೆಣಸಿನಂತೆ ಅಕ್ಕಪಕ್ಕ ಕೂತು ಒಬ್ಬರ ಮುಖ ಒಬ್ಬರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಹೊಳೆಮುತ್ಯಾ ಊರಿಗೆ ಹೊರಟ. ಮುತ್ಯಾ ಅವನನ್ನು ಬಂಡಿಯಲ್ಲಿ ಆಳಂದದ ಸಂತೆಯವರೆಗೆ ಕಳಿಸಿ ಬಂದ. ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ಮನೆಯಲ್ಲಿ ಹತ್ತಿರದವರು ಸತ್ತಾಗ. ಸಂತೆಯ ಜನ ಇಬ್ಬರ ಬೋಳು ಮುಖವನ್ನೂ ಒಟ್ಟಿಗೆ ನೋಡಿದರು. ಇಂಥ ಮುಖವನ್ನು ಎದುರಿಗೆ ನಿಲ್ಲಿಸಿ ಯಾರು ಹೋದರು ಎಂದು ಕೇಳುವುದು ಮರ್ಯಾದೆಯಲ್ಲ. ತಮ್ಮತಮ್ಮಲ್ಲೇ ಲೆಕ್ಕ ಹಾಕಿದರು. ಇಬ್ಬರು ಬೀಗರೂ ತೆಗೆಸಿದ್ದಾರೆ ಎಂದರೆ ಸತ್ತವರು ಎರಡೂ ಮನೆಗೆ ಸೇರಿದವರು. ಎರಡೂ ಮನೆಗೆ ಸೇರಿದವಳು ಒಬ್ಬಳೇ, ಒಬ್ಬನ ಮಗಳು, ಇನ್ನೊಬ್ಬನ ಸೊಸೆ. ಮಗಳು, ಸೊಸೆ ಸತ್ತರೆ ಯಾವ ಗಂಡಸೂ ಮೀಸೆ ತೆಗೆಸುವುದಿಲ್ಲ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಎರಡು ದಿನ ಬಿಟ್ಟು, ನಡು ಮಧ್ಯಾಹ್ನ, ಮೂರು ಬಂಡಿ ತುಂಬ ಹೆಂಗಸರು ನಮ್ಮ ಮನೆ ಮುಂದೆ ಇಳಿದರು. ಆಳಂದದ ಅತ್ತೆ, ಆಳಂದದ ಸುತ್ತಲಿನ ಊರುಗಳಿಗೆ ಮದುವೆಯಾಗಿ ಬಂದಿದ್ದ ಚಿಕ್ಕಮ್ಮಂದಿರು. ದಾರಿಯಿಂದಲೇ ಹಾಡಿಕೊಂಡು ಅಳುತ್ತಾ ಬಂದಿದ್ದರು, ಎಂಥ ಹೆಣ್ಣು ಹೋದೆಯವ್ವಾ, ಎಂಥ ಕೈ ನಿಂದು, ಎಂಥ ಗುಣ ನಿಂದು ಎಂದು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಗದ್ದಲ ಕೇಳಿ, ಕೈಯ ಹಿಟ್ಟಿನೊಂದಿಗೇ ಬಾಗಿಲಿಗೆ ಓಡಿ ಬಂದಳು. ತಾನೂ ದನಿಗೂಡಿಸಿ ಅಳಲು ಸಿದ್ಧವಾಗಿ ಕೇಳಿದಳು, “ಯಾರ ಹೋದ್ರು ಬೇ?”

ಅತ್ತೆ ಅವಳನ್ನು ನೋಡಿ ಚಿಟ್ಟನೆ ಚೀರಿ ಬಂಡಿಯ ಗಾಲಿ ಹಿಡಿದುಕೊಂಡಳು. “ನೀನೇ!”

ಅವ್ವ ಒಂದು ಗಳಿಗೆ ತನ್ನ ಕೈ ತಾನೇ ನೋಡಿಕೊಂಡಳು.

ಮುತ್ಯಾ ಪಡಸಾಲೆಯಿಂದ ಎದ್ದು ಹೊರಗೆ ಬಂದ. ಬೋಳು ತುಟಿಯ ಮೇಲೆ ಬೆರಳಾಡಿಸಿ, ನನ್ನನ್ನು ಕೈ ಹಿಡಿದು ಎಳೆದು ಎಲ್ಲರ ಮುಂದೆ ನಿಲ್ಲಿಸಿದ.

“ಯಾರೂ ಸತ್ತಿಲ್ಲ ಬೇ, ಅಳಬ್ಯಾಡ್ರಿ,” ಎಂದ. “ನಮ್ಮೂರಾಗ ಕೆರಿ ಹುಟ್ಟ್ಯಾದ. ಸೂಲಗಿತ್ತಿ ಇಕಿ.”